ಸಣ್ಣ ಅಂಗಡಿಯೆಂಬ ನೆಪ

ಕಸದ ಮಾತು ಬಂದಾಗ ದಂತವೈದ್ಯರ ಸಭೆಗಳಲ್ಲಿ, ಪಾಲಿಕೆಯ ಕಚೇರಿಗಳಲ್ಲಿ, ಪರಿಸರದ ಬಗ್ಗೆ ಕಾಳಜಿಯಿಂದ ಮಾತಾಡುವವರ ನಡುವೆಯೂ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ. ದೊಡ್ಡ ಆಸ್ಪತ್ರೆಗಳು ಮತ್ತು ಕಾರ್ಖಾನೆಗಳೇ ನಿಜವಾದ ಸಮಸ್ಯೆ. ಒಂದು ಕುರ್ಚಿಯ ಹಲ್ಲಿನ ಕ್ಲಿನಿಕ್ಕು, ಮೂರು ಕುರ್ಚಿಯ ಸಲೂನು, ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಬ್ಯೂಟಿ ಪಾರ್ಲರು ಹೊರಹಾಕುವುದು ಲೆಕ್ಕಕ್ಕೆ ಬಾರದಷ್ಟು ಕಸ. ಕ್ಲಿನಿಕ್ಕಿನವರು ವೈದ್ಯಕೀಯ ತ್ಯಾಜ್ಯದ ಸಂಸ್ಥೆಗೆ ತಿಂಗಳ ಶುಲ್ಕ ಕಟ್ಟಿ ಪ್ರಮಾಣಪತ್ರವನ್ನು ಗೋಡೆಗೆ ಹಾಕಿದರೆ ಅವರ ಹೊಣೆ ಮುಗಿಯಿತು, ಸಲೂನಿನವರಿಗೆ ಅಷ್ಟೂ ಬೇಕಿಲ್ಲ ಎಂಬುದು ಆ ಅಭಿಪ್ರಾಯ. ಇದು ತಪ್ಪು. ಪಾದರಸದ ಅಪಾಯವನ್ನಾಗಲಿ ರಕ್ತ ಹತ್ತಿದ ಬ್ಲೇಡಿನ ಅಪಾಯವನ್ನಾಗಲಿ ಕಿಲೋ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ. ಅದು ಯಾವ ದಾರಿ ಹಿಡಿದು ಹೊರಗೆ ಹೋಯಿತು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಆ ದಾರಿಯನ್ನು ನೋಡಿಕೊಳ್ಳಲೆಂದೇ ಒಬ್ಬ ಮನುಷ್ಯ ಇರುತ್ತಾನೆ. ಸಣ್ಣ ಅಂಗಡಿಯಲ್ಲಿ ಚರಂಡಿಯ ತೂತು ಮತ್ತು ಬೀದಿಯ ಕಸದ ಗಾಡಿ ಎರಡೂ ಕೈಗೆಟಕುವ ದೂರದಲ್ಲಿರುತ್ತವೆ, ತಡೆಯುವವರು ಯಾರೂ ಇರುವುದಿಲ್ಲ.

ಮೊದಲು ಹಲ್ಲಿನ ಕ್ಲಿನಿಕ್ಕನ್ನೇ ತೆಗೆದುಕೊಳ್ಳೋಣ. ಜನ ಸಿಲ್ವರ್ ಫಿಲ್ಲಿಂಗ್ ಎಂದು ಕರೆಯುವ ಅಮಾಲ್ಗಮ್‌ನ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಪಾದರಸವೇ. ಉಳಿದರ್ಧ ಬೆಳ್ಳಿ, ತವರ ಮತ್ತು ತಾಮ್ರದ ಮಿಶ್ರಣ. ಹುಳುಕು ಕೊರೆದು ಮಾಡಿದ ಗುಳಿಯಲ್ಲಿ ವೈದ್ಯರು ಇದನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ತುಂಬುತ್ತಾರೆ, ಒತ್ತಿ ಗಟ್ಟಿ ಮಾಡುತ್ತಾರೆ, ಆಮೇಲೆ ಹಲ್ಲಿನ ಆಕಾರಕ್ಕೆ ಬರುವಂತೆ ಕೆತ್ತುತ್ತಾರೆ. ಕೆತ್ತಿದ ಚೂರು ರೋಗಿಯ ಬಾಯಿಗೆ ಬೀಳುತ್ತದೆ. ಅಲ್ಲಿಂದ ಸಕ್ಷನ್ ಕೊಳವೆಗೆ ಅಥವಾ ಉಗುಳುವ ಬೇಸಿನ್ನಿಗೆ ಹೋಗುತ್ತದೆ. ಬಾಯಿಗೆ ಹೋಗದೆ ಬಟ್ಟಲಲ್ಲೇ ಉಳಿದದ್ದೂ ಇರುತ್ತದೆ. ಕ್ಯಾಪ್ಸೂಲಿನಲ್ಲಿ ಬರುವ ಅಮಾಲ್ಗಮ್ ಆದರೆ ಖಾಲಿ ಕ್ಯಾಪ್ಸೂಲಿನ ಒಳಗೋಡೆಗೆ ಪಾದರಸ ಅಂಟಿಕೊಂಡಿರುತ್ತದೆ. ಹೀಗೆ ಒಂದೇ ಫಿಲ್ಲಿಂಗಿನಿಂದ ಮೂರು ನಾಲ್ಕು ರೂಪದ ಪಾದರಸದ ಕಸ ಹುಟ್ಟುತ್ತದೆ, ಒಂದೊಂದೂ ಕೋಣೆಯ ಒಂದೊಂದು ಮೂಲೆಯಲ್ಲಿ.

ಇದಕ್ಕೆ ತಟ್ಟನೆ ಬರುವ ಉತ್ತರ ಒಂದಿದೆ: ಈಗ ಅಮಾಲ್ಗಮ್ ಹಾಕುವವರು ಯಾರು? ಎಲ್ಲರೂ ಹಲ್ಲಿನ ಬಣ್ಣದ ಕಾಂಪೋಸಿಟ್ಟಿಗೆ ಹೊರಳಿದ್ದಾರೆ, ಸಮಸ್ಯೆ ತಾನಾಗಿಯೇ ಮುಗಿಯುತ್ತಿದೆ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಭಾರತ 2018ರಲ್ಲಿ ಅನುಮೋದಿಸಿದ ಮಿನಮಾಟ ಒಪ್ಪಂದ ಅಮಾಲ್ಗಮ್ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕೆಂದು ಹೇಳುತ್ತಲೇ ಬಂದಿದೆ. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ದೇಶಗಳು 2034ಕ್ಕೆ ಅದನ್ನು ಕೊನೆಗೊಳಿಸಲು ಒಪ್ಪಿದವು. ಯುರೋಪಿನ ಒಕ್ಕೂಟ 2025ರ ಜನವರಿಯಿಂದಲೇ ನಿಲ್ಲಿಸಿದೆ. ಆದರೆ ಹೊಸದಾಗಿ ಹಾಕುವುದು ನಿಂತ ದಿನ ಬಾಯೊಳಗಿರುವ ಹಳೆಯ ಫಿಲ್ಲಿಂಗುಗಳು ಮಾಯವಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಹಾಕಿಸಿಕೊಂಡದ್ದು ಇಂದು ಬಿರುಕು ಬಿಡುತ್ತದೆ, ಅದರ ಅಡಿಯಲ್ಲಿ ಮತ್ತೆ ಹುಳುಕು ಸೇರುತ್ತದೆ, ಕಪ್ಪು ಕಾಣಿಸುತ್ತದೆಂದು ಬಿಳಿಯದನ್ನು ಹಾಕಿಸಿಕೊಳ್ಳಲು ಜನ ಬರುತ್ತಾರೆ. ಹಾಕುವಾಗ ಚರಂಡಿಗೆ ಹೋಗುವುದು ಕೆತ್ತನೆಯ ಚೂರು ಮಾತ್ರ. ತೆಗೆಯುವಾಗ ಹಾಗಲ್ಲ: ಇಡೀ ಫಿಲ್ಲಿಂಗು ವೇಗದ ಡ್ರಿಲ್ಲಿನ ಕೆಳಗೆ ನುಣ್ಣನೆಯ ಪುಡಿಯಾಗಿ ನೀರಿನೊಡನೆ ಸಕ್ಷನ್ನಿಗೆ ಹೋಗುತ್ತದೆ. ಕಾಂಪೋಸಿಟ್ ಜನಪ್ರಿಯವಾದಷ್ಟೂ ಮುಂದಿನ ಕೆಲವು ವರ್ಷ ಪಾದರಸದ ಪುಡಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಬಡಾವಣೆಯೊಂದರ ಒಂದು ಕುರ್ಚಿಯ ಕ್ಲಿನಿಕ್ಕು, ವಾರಕ್ಕೆ ಎರಡು ಹಳೆಯ ಫಿಲ್ಲಿಂಗುಗಳನ್ನು ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದರ ತೂಕ ಅರ್ಧ ಗ್ರಾಂ ಎಂದರೆ ಅದರಲ್ಲಿ ಕಾಲು ಗ್ರಾಂ ಪಾದರಸ. ವರ್ಷಕ್ಕೆ ಸುಮಾರು 100 ಫಿಲ್ಲಿಂಗು, 25 ಗ್ರಾಂ ಪಾದರಸ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಇರುವುದು ಹೆಚ್ಚೆಂದರೆ ಒಂದು ಗ್ರಾಮಿನಷ್ಟು. ಅಂದರೆ ಈ ಪುಟ್ಟ ಕ್ಲಿನಿಕ್ಕು ವರ್ಷಕ್ಕೆ 25 ಥರ್ಮಾಮೀಟರುಗಳನ್ನು ಒಡೆದಷ್ಟು ಪಾದರಸವನ್ನು ಹೊರಗೆ ತೆಗೆಯುತ್ತದೆ. ಆ ಥರ್ಮಾಮೀಟರುಗಳು ಅಪಾಯಕಾರಿ ಎಂದು ನಮ್ಮ ಸರ್ಕಾರಿ ಆಸ್ಪತ್ರೆಗಳಿಂದ ಅವನ್ನು ಹೊರಹಾಕುವ ಕೆಲಸ ದಶಕಕ್ಕೂ ಹಿಂದೆಯೇ ಶುರುವಾಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ ಪಾದರಸ. ಆ ಮಿತಿಯಲ್ಲಿ ಹರಡಿದರೆ 25 ಗ್ರಾಂ ಎಂದರೆ ಎರಡೂವರೆ ಕೋಟಿ ಲೀಟರ್ ನೀರು. ಅಮಾಲ್ಗಮ್ ಗಟ್ಟಿ ಪದಾರ್ಥ, ಅಷ್ಟೂ ನೀರಿನಲ್ಲಿ ಕರಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ನಿಜವೇ. ಅದರ ಬಹುಪಾಲು ಕೆಸರಾಗಿ ತಳ ಸೇರುತ್ತದೆ. ಆದರೆ ಕೆರೆಯ ತಳದ ಕೆಸರಿನಲ್ಲೇ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುವುದು, ಮೀನಿನ ಮೈಗೆ ಸೇರಿ ಮನುಷ್ಯರ ನರಮಂಡಲವನ್ನು ಕೆಡಿಸುವುದು ಆ ರೂಪವೇ.

ಕೊಳವೆಯ ದಾರಿಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ತಪ್ಪು ಆಗುವುದು ಇಲ್ಲಿಯೇ. ಹಲ್ಲಿನ ಕುರ್ಚಿಯ ಪಕ್ಕದಲ್ಲಿ ಸಕ್ಷನ್ನಿಗೆ ಒಂದು ಜಾಲರಿ ಇರುತ್ತದೆ. ದಪ್ಪ ಚೂರುಗಳು ಅದರಲ್ಲಿ ನಿಲ್ಲುತ್ತವೆ. ಅದರಾಚೆ ಪಂಪಿನ ಬಳಿ ಇನ್ನೂ ಸಣ್ಣ ತೂತುಗಳ ಜಾಲರಿ ಇದ್ದರೆ, ಎರಡೂ ಸೇರಿ ಸುಮಾರು ಮುಕ್ಕಾಲು ಭಾಗವನ್ನು ಹಿಡಿಯಬಲ್ಲವು. ಡ್ರಿಲ್ಲು ಮಾಡಿದ ನುಣ್ಣನೆಯ ಪುಡಿ ಮಾತ್ರ ದಾಟಿ ಹೋಗುತ್ತದೆ. ಅದನ್ನು ಹಿಡಿಯುವುದು ಅಮಾಲ್ಗಮ್ ಸೆಪರೇಟರ್ ಎಂಬ ಉಪಕರಣ. ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಅದು ಕನಿಷ್ಠ ನೂರಕ್ಕೆ 95 ಭಾಗವನ್ನು ತಡೆಯಬೇಕು. ಅಮೆರಿಕ 2017ರಲ್ಲಿ ನಿಯಮ ಮಾಡಿ, 2020ರ ಜುಲೈ ಹೊತ್ತಿಗೆ ಅಮಾಲ್ಗಮ್ ಹಾಕುವ ಇಲ್ಲವೇ ತೆಗೆಯುವ ಕ್ಲಿನಿಕ್ಕುಗಳೆಲ್ಲ ಇದನ್ನು ಅಳವಡಿಸಬೇಕೆಂದು ಕಡ್ಡಾಯ ಮಾಡಿತು. ಆ ನಿಯಮದಲ್ಲಿ ನಮ್ಮವರು ಗಮನಿಸಬೇಕಾದ ಇನ್ನೊಂದು ಅಂಶವಿದೆ: ಬ್ಲೀಚಿನಂಥ ಆಕ್ಸಿಡೀಕರಿಸುವ ದ್ರಾವಣವನ್ನು ಸಕ್ಷನ್ ಕೊಳವೆಗೆ ಸುರಿಯಬಾರದು. ಕಾರಣ ಸರಳ ರಸಾಯನ. ಹೈಪೋಕ್ಲೋರೈಟ್ ದ್ರಾವಣ ಜಾಲರಿಯಲ್ಲಿ, ಕೊಳವೆಯ ಗೋಡೆಯಲ್ಲಿ ಸಿಕ್ಕಿಕೊಂಡಿರುವ ಅಮಾಲ್ಗಮಿನಿಂದ ಪಾದರಸವನ್ನು ಕರಗಿಸಿ ಬಿಡಿಸುತ್ತದೆ. ಒಮ್ಮೆ ಕರಗಿದ ಪಾದರಸವನ್ನು ಯಾವ ಜಾಲರಿಯೂ ಹಿಡಿಯದು. ನಮ್ಮಲ್ಲಿ ಹೈಪೋಕ್ಲೋರೈಟ್ ಸುರಿಯುವುದೇ ಶುಚಿತ್ವದ ಗುರುತು. ಸೋಂಕಿನ ವಿಷಯದಲ್ಲಿ ಅದು ಸರಿಯಾದ ಅಭ್ಯಾಸವೇ. ಆದರೆ ಅಮಾಲ್ಗಮ್ ತೆಗೆಯುವ ಕ್ಲಿನಿಕ್ಕಿನ ಸಕ್ಷನ್ ಸಾಲಿನಲ್ಲಿ ಅದೇ ಅಭ್ಯಾಸ ಹಿಡಿದಿಟ್ಟ ವಿಷವನ್ನು ಬಿಟ್ಟುಕೊಟ್ಟಂತಾಗುತ್ತದೆ. ಅಲ್ಲಿಗೆ ತಟಸ್ಥ ಗುಣದ ಬೇರೆ ಸೋಂಕುನಿವಾರಕ ಬೇಕು. ಇನ್ನು ದಿನದ ಕೊನೆಗೆ ಅಸಿಸ್ಟೆಂಟ್ ಜಾಲರಿಯನ್ನು ಬಿಚ್ಚಿ ಸಿಂಕಿನ ನಲ್ಲಿಯ ಕೆಳಗೆ ತೊಳೆದರೆ ಆ ಮುಕ್ಕಾಲು ಭಾಗವೂ ಚರಂಡಿಗೇ. ಇದು ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಉಪಕರಣ ಬೇಡ. ಅಮಾಲ್ಗಮ್ ಕೆಲಸ ನಡೆಯುವ ಕ್ಲಿನಿಕ್ಕಿನಲ್ಲಿ ಅಮಾಲ್ಗಮ್ ಚೂರಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಸಾಕು. ಡಬ್ಬಿ ಇಲ್ಲವೆಂದರೆ ಅಥವಾ ಖಾಲಿ ಇದ್ದರೆ, ಪಾದರಸ ಎಲ್ಲಿಗೆ ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಆ ಘಟಕಗಳನ್ನು ಕಟ್ಟಿರುವುದು ಮಲಮೂತ್ರದ ಸಾವಯವ ಕೊಳೆಯನ್ನು ಕರಗಿಸಲು. ಲೋಹವನ್ನು ನಾಶ ಮಾಡುವ ಸೂಕ್ಷ್ಮಜೀವಿ ಯಾವುದೂ ಇಲ್ಲ. ಬಂದ ಪಾದರಸ ಹೆಚ್ಚಿನಂಶ ಕೆಸರಿಗೆ ಅಂಟುತ್ತದೆ, ಸ್ವಲ್ಪ ನೀರಿನಲ್ಲೇ ಮುಂದೆ ಹೋಗುತ್ತದೆ. ಬೆಂಗಳೂರಿನ ಮಟ್ಟಿಗೆ ಆ ಮುಂದೆ ಎಂಬುದು ದೂರದ ಸಮುದ್ರವಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ; ಅಂತರ್ಜಲ ಮೇಲೆ ಬರಲಿ ಎಂಬುದೇ ಆ ಯೋಜನೆಯ ಉದ್ದೇಶ. ಒಂದು ನಗರದ ಚರಂಡಿಯನ್ನು ಇನ್ನೊಂದು ಜಿಲ್ಲೆಯ ಬಾವಿಗೆ ಜೋಡಿಸಿದ ಮೇಲೆ ಆ ಚರಂಡಿಗೆ ಲೋಹ ಬೀಳದಂತೆ ಮೂಲದಲ್ಲೇ ತಡೆಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಈಗ ಗೋಡೆಯ ಮೇಲಿನ ಪ್ರಮಾಣಪತ್ರಕ್ಕೆ ಬರೋಣ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹಾಸಿಗೆಯಿಲ್ಲದ ಕ್ಲಿನಿಕ್ಕನ್ನೂ ಸ್ಪಷ್ಟವಾಗಿ ಒಳಗೊಳ್ಳುತ್ತವೆ. ಕ್ಲಿನಿಕ್ಕು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆಯಬೇಕು, ಬಣ್ಣದ ಪ್ರಕಾರ ಬೇರ್ಪಡಿಸಬೇಕು, ವಾರ್ಷಿಕ ವರದಿ ಕೊಡಬೇಕು. ಆದರೆ ಹಾಸಿಗೆಯಿಲ್ಲದವರಿಗೆ ಅನುಮತಿ ಒಂದೇ ಸಲ. ಅರ್ಜಿ ಹಾಕಿ 90 ದಿನದೊಳಗೆ ಮಂಡಳಿ ಆಕ್ಷೇಪಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಅರ್ಥ. ಅಂದರೆ ಯಾರೂ ಬಂದು ನೋಡದೆಯೂ ಒಂದು ಕ್ಲಿನಿಕ್ಕು ಜೀವಮಾನವಿಡೀ ಕಾನೂನುಬದ್ಧವಾಗಿ ಇರಬಹುದು. ಇದಕ್ಕಿಂತ ಮುಖ್ಯವಾದ ತೊಡಕು ಬೇರೆ. ಹಳದಿ ಚೀಲಕ್ಕೆ ಹಾಕಿದ್ದು ಸುಡುವ ಕುಲುಮೆಗೆ ಹೋಗುತ್ತದೆ. ಕೆಂಪು ಚೀಲದ ಪ್ಲಾಸ್ಟಿಕ್ಕು ಬಿಸಿ ಆವಿಯ ಆಟೋಕ್ಲೇವಿಗೆ ಹೋಗುತ್ತದೆ. ಬಿಳಿ ಡಬ್ಬಿಯ ಸೂಜಿ, ಬ್ಲೇಡುಗಳೂ ಬಿಸಿಯಲ್ಲೇ ಸೋಂಕು ಕಳೆದುಕೊಳ್ಳುತ್ತವೆ. ಸೋಂಕನ್ನು ಕೊಲ್ಲಲು ಬಿಸಿ ಒಳ್ಳೆಯದು. ಪಾದರಸ ಮಾತ್ರ ಬಿಸಿಯಲ್ಲಿ ಆವಿಯಾಗಿ ಗಾಳಿಗೆ ಸೇರುತ್ತದೆ. ಕಿತ್ತ ಹಲ್ಲಿನಲ್ಲಿ ಅಮಾಲ್ಗಮ್ ಇದ್ದು ಅದನ್ನು ಅಂಗಾಂಶವೆಂದು ಹಳದಿ ಚೀಲಕ್ಕೆ ಹಾಕಿದರೆ, ನಿಯಮವನ್ನು ಪಾಲಿಸಿದಂತೆ ಕಂಡರೂ ಪಾದರಸವನ್ನು ಸುಟ್ಟಂತೆಯೇ. ಹೀಗಾಗಿ ತಿಂಗಳ ಶುಲ್ಕ ಕಟ್ಟಿದ ರಸೀದಿ ಸೋಂಕಿನ ಕಸಕ್ಕೆ ಉತ್ತರವಾಗಬಹುದು, ಪಾದರಸಕ್ಕೆ ಉತ್ತರವಲ್ಲ. ಅದು ಪ್ರತ್ಯೇಕವಾಗಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯದ ದಾರಿಯಲ್ಲಿ ಹೋಗಬೇಕು: ಚೂರು, ಕ್ಯಾಪ್ಸೂಲು, ಜಾಲರಿ, ಅಮಾಲ್ಗಮ್ ಇರುವ ಹಲ್ಲು, ಎಲ್ಲವೂ.

ಹಾಗೆ ಕೂಡಿಟ್ಟರೆ ತೆಗೆದುಕೊಂಡು ಹೋಗುವವರು ಯಾರು ಎಂದು ದಂತವೈದ್ಯರು ಕೇಳುತ್ತಾರೆ. ಇದು ನೆಪವಲ್ಲ, ನ್ಯಾಯವಾದ ಪ್ರಶ್ನೆ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳನ್ನು ಕಾರ್ಖಾನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ಅವುಗಳ ಕಣ್ಣಿಗೆ ಸಣ್ಣ ಉತ್ಪಾದಕ ಎಂದರೆ ವರ್ಷಕ್ಕೆ 10 ಟನ್‌ವರೆಗೆ ಕಸ ಮಾಡುವವನು. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ವರ್ಷಕ್ಕೆ 50 ಗ್ರಾಂ ಅಮಾಲ್ಗಮ್ ಒಯ್ದುಕೊಡಲು ಬೆಳಗಾವಿಯ ಒಬ್ಬ ವೈದ್ಯರು ಲಾರಿ ಹಿಡಿಯಲಾರರು. ಆದರೆ ಈ ತೊಂದರೆಯಿಂದ ಹೊರಡುವ ತೀರ್ಮಾನ ಕೈಬಿಡುವುದಲ್ಲ, ಒಟ್ಟುಗೂಡಿಸುವುದು. ಅಮಾಲ್ಗಮ್ ಚೂರು ಕೊಳೆಯುವುದಿಲ್ಲ, ನಾರುವುದಿಲ್ಲ, ಜಾಗ ತಿನ್ನುವುದಿಲ್ಲ. ಬಿಗಿಯಾದ ಮುಚ್ಚಳವಿದ್ದರೆ ತಿಂಗಳುಗಟ್ಟಲೆ ಸುರಕ್ಷಿತವಾಗಿರುತ್ತದೆ. ಜಿಲ್ಲೆಗೊಂದು ದಂತ ವೈದ್ಯಕೀಯ ಕಾಲೇಜನ್ನೋ ದಂತವೈದ್ಯರ ಸಂಘದ ಶಾಖೆಯನ್ನೋ ಸಂಗ್ರಹ ಕೇಂದ್ರವೆಂದು ಮಂಡಳಿ ಗುರುತಿಸಿ, ವರ್ಷಕ್ಕೆರಡು ಸಲ ಅಲ್ಲಿಂದ ಒಯ್ಯುವ ವ್ಯವಸ್ಥೆ ಮಾಡಿದರೆ ಸಾಕು. ಅದರಲ್ಲಿ ಬೆಳ್ಳಿಯೂ ಇದೆ, ಪೂರ್ತಿ ನಷ್ಟದ ವ್ಯವಹಾರವಲ್ಲ. ಸೆಪರೇಟರಿನ ಬೆಲೆ ಒಂದು ಕುರ್ಚಿಯ ಕ್ಲಿನಿಕ್ಕಿಗೆ ಭಾರವೆಂಬುದನ್ನೂ ಒಪ್ಪಬಹುದು. ಆದರೆ ಜಾಲರಿಯನ್ನು ಸಿಂಕಿನಲ್ಲಿ ತೊಳೆಯದೆ ಡಬ್ಬಿಗೆ ತಟ್ಟುವುದಕ್ಕೆ, ಬ್ಲೀಚನ್ನು ಸಕ್ಷನ್ನಿನಿಂದ ದೂರವಿಡುವುದಕ್ಕೆ ಯಾವ ಖರ್ಚೂ ಇಲ್ಲ. ನುಣ್ಣನೆಯ ಕಾಲು ಭಾಗವನ್ನು ಹಿಡಿಯಲು ಹಣವಿಲ್ಲ ಎನ್ನುವವರು ದಪ್ಪನೆಯ ಮುಕ್ಕಾಲು ಭಾಗವನ್ನು ಯಾಕೆ ಬಿಡುತ್ತಿದ್ದಾರೆ ಎಂದು ಹೇಳಬೇಕಾಗುತ್ತದೆ.

ಸಲೂನಿನ ವಿಷಯದಲ್ಲಿ ಹೊಣೆ ತಪ್ಪಿಸುವ ದಾರಿ ಇನ್ನೂ ಸುಲಭ, ಏಕೆಂದರೆ ಅಲ್ಲಿ ಕಾನೂನೇ ಬಾಗಿಲು ತೆರೆದಿಟ್ಟಿದೆ. ವೈದ್ಯಕೀಯ ತ್ಯಾಜ್ಯ ಎಂದರೆ ರೋಗ ಪತ್ತೆ, ಚಿಕಿತ್ಸೆ ಅಥವಾ ಲಸಿಕೆ ಹಾಕುವಾಗ ಹುಟ್ಟಿದ್ದು ಎಂದು ನಿಯಮ ಹೇಳುತ್ತದೆ. ಗಡ್ಡ ಹೆರೆಯುವುದು ಇವುಗಳಲ್ಲಿ ಯಾವುದೂ ಅಲ್ಲ. ಘನತ್ಯಾಜ್ಯದ 2016ರ ನಿಯಮಗಳು ಬಳಸಿದ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಎಂದು ಬೇರ್ಪಡಿಸಿದವು, ಆದರೆ ಮನೆಯ ಮಟ್ಟದಲ್ಲಿ ಹುಟ್ಟಿದ್ದನ್ನು ಮಾತ್ರ. ಸಲೂನು ಮನೆಯೂ ಅಲ್ಲ, ಕ್ಲಿನಿಕ್ಕೂ ಅಲ್ಲ. ಹೀಗೆ ಕಸವನ್ನು ಅದರ ಗುಣದಿಂದ ಗುರುತಿಸದೆ, ಅದು ಹುಟ್ಟಿದ ಕಟ್ಟಡದ ಬೋರ್ಡಿನಿಂದ ಗುರುತಿಸಿದ್ದರ ಫಲವಾಗಿ, ಒಂದೇ ಬೀದಿಯಲ್ಲಿ ಕ್ಲಿನಿಕ್ಕಿನ ರಕ್ತ ಹತ್ತಿದ ಬ್ಲೇಡು ಚುಚ್ಚಲಾರದ ಬಿಳಿ ಡಬ್ಬಿಗೆ ಹೋದರೆ, ಪಕ್ಕದ ಅಂಗಡಿಯ ರಕ್ತ ಹತ್ತಿದ ಬ್ಲೇಡು ಕೂದಲಿನ ರಾಶಿಯೊಳಗೆ ಸೇರಿ ಕಸದ ಗಾಡಿಗೆ ಹೋಗುತ್ತದೆ. ಹೆಪಟೈಟಿಸ್ ಬಿ ವೈರಸ್ಸಿಗೆ ಈ ಬೋರ್ಡುಗಳ ವ್ಯತ್ಯಾಸ ತಿಳಿಯದು. ಮೈಯಿಂದ ಹೊರಬಂದ ಮೇಲೂ ಒಣಗಿದ ರಕ್ತದಲ್ಲಿ ಅದು ಕನಿಷ್ಠ ಏಳು ದಿನ ಬದುಕಿರಬಲ್ಲದು. ಸೋಮವಾರ ಎಸೆದ ಬ್ಲೇಡು ಗುರುವಾರ ಕಸ ವಿಂಗಡಿಸುವವರ ಬೆರಳಿಗೆ ತಾಗಿದಾಗಲೂ ವೈರಸ್ಸು ಜೀವಂತವಾಗಿರಬಹುದು. ಬ್ಲೇಡು ಒಂದು ಸಲಕ್ಕೆ ಮಾತ್ರ ಎಂಬ ಅಭ್ಯಾಸವನ್ನು ಏಡ್ಸ್ ಜಾಗೃತಿಯ ಕಾಲದಿಂದ ಗಿರಾಕಿಗಳು ತಾವೇ ಕೇಳಿ ಜಾರಿಗೆ ತಂದರು. ಅದು ಕುರ್ಚಿಯ ಮೇಲೆ ಕೂತವನನ್ನು ಕಾಪಾಡಿತು. ಎಸೆಯುವ ಬ್ಲೇಡುಗಳ ಸಂಖ್ಯೆಯೂ ಅದರಿಂದಲೇ ಹೆಚ್ಚಿತು, ಅವುಗಳ ಅಪಾಯ ಕೇಳುವ ಗಿರಾಕಿಯೇ ಇಲ್ಲದ ಪೌರಕಾರ್ಮಿಕರ ಕೈಗೆ ದಾಟಿತು.

ಈಗಿನ ಪಾರ್ಲರುಗಳು ಗಡ್ಡ, ಕೂದಲಿಗೆ ನಿಂತೂ ಇಲ್ಲ. ಸೂಜಿಗಳ ರೋಲರನ್ನು ಮುಖದ ಮೇಲೆ ಉರುಳಿಸುವುದು, ಹುಬ್ಬಿಗೆ ಬಣ್ಣ ಚುಚ್ಚುವುದು, ರಕ್ತ ತೆಗೆದು ಅದರ ಪ್ಲಾಸ್ಮಾವನ್ನು ತಲೆಗೆ ಚುಚ್ಚುವುದೂ ಕೆಲವೆಡೆ ನಡೆಯುತ್ತದೆ. ಪ್ಲಾಸ್ಮಾ ಚುಚ್ಚುವುದು ಚಿಕಿತ್ಸೆಯೇ. ಮಾಡುವವರು ಅದನ್ನು ಸೌಂದರ್ಯ ಸೇವೆ ಎಂದು ಕರೆದ ಮಾತ್ರಕ್ಕೆ ಅದರ ಸಿರಿಂಜು ವೈದ್ಯಕೀಯ ತ್ಯಾಜ್ಯವಾಗುವುದು ತಪ್ಪುವುದಿಲ್ಲ. ರಾಸಾಯನಿಕಗಳ ಕಡೆ ನೋಡಿದರೆ, ಉಗುರಿನ ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಉಳಿದ ಹೇರ್ ಡೈಯ ಪಿಪಿಡಿ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಇವನ್ನು ಸಿಂಕಿಗೆ ಸುರಿಯದೆ ಮೂಲ ಬಾಟಲಿಯಲ್ಲೇ ಮುಚ್ಚಿ ಬೇರೆ ಇಡಬೇಕೆಂಬುದು ಕಷ್ಟದ ನಿಯಮವಲ್ಲ. ಹೆಚ್ಚು ಗಮನ ಬೇಕಿರುವುದು ಪಾದರಸ ಬೆರೆತಿರಬಹುದಾದ ಬಿಳುಪಿನ ಕ್ರೀಮುಗಳಿಗೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್ಲಿನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯ ಕಾಯಿಲೆ ಅಪರೂಪದ ಒಂದು ಉಪಬಗೆಯದು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಬಳಸಿದ್ದರು. ನಮ್ಮ ಸೌಂದರ್ಯವರ್ಧಕ ನಿಯಮಗಳು ಕ್ರೀಮಿನಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸಕ್ಕೂ ಹತ್ತು ಲಕ್ಷಕ್ಕೆ ಒಂದು ಭಾಗದ ಮಿತಿ ಹಾಕಿವೆ. ಲೇಬಲ್ಲಿನಲ್ಲಿ ತಯಾರಕರ ವಿಳಾಸವಿಲ್ಲದ, ಪದಾರ್ಥಗಳ ಪಟ್ಟಿಯಿಲ್ಲದ ಡಬ್ಬಿ ಪಾರ್ಲರಿನ ಕಪಾಟಿನಲ್ಲಿದ್ದರೆ ಅದನ್ನು ಗಿರಾಕಿಯ ಮುಖಕ್ಕೆ ಹಚ್ಚುವುದಂತೂ ಸಲ್ಲದು. ಹೆದರಿಕೆಯಾದ ಮೇಲೆ ಒಣಕಸಕ್ಕೆ ಎಸೆಯುವುದೂ ಸಲ್ಲದು. ಅದನ್ನು ಔಷಧ ನಿಯಂತ್ರಣ ಇಲಾಖೆಯ ಗಮನಕ್ಕೆ ತಂದು, ಪಾದರಸದ ಕಸವೆಂದೇ ಎಣಿಸಬೇಕು.

ಕೊನೆಯ ಆಕ್ಷೇಪ ಮನುಷ್ಯರ ಬದುಕಿನದು, ಆದ್ದರಿಂದ ಅದನ್ನು ಗೌರವದಿಂದ ಎದುರಿಸಬೇಕು. ಕ್ಷೌರದ ಅಂಗಡಿ ನಡೆಸುವವರಲ್ಲಿ ಬಹುಮಂದಿ ಸವಿತಾ ಸಮಾಜದವರು, ದಿನದ ದುಡಿಮೆಯಲ್ಲಿ ಬದುಕುವವರು. ಅವರ ಮೇಲೆ ಇನ್ನೊಂದು ಪರವಾನಗಿ, ಇನ್ನೊಬ್ಬ ಇನ್‌ಸ್ಪೆಕ್ಟರು, ಇನ್ನೊಂದು ಶುಲ್ಕ ಹೇರುವುದು ಅನ್ಯಾಯ ಎನ್ನುತ್ತಾರೆ. ಹೇರಿದರೆ ಅನ್ಯಾಯವೇ. ಆದರೆ ಬ್ಲೇಡನ್ನು ಈಗಿನಂತೆ ಬಿಟ್ಟರೆ ಆ ಭಾರ ಇಲ್ಲವಾಗುವುದಿಲ್ಲ, ಇನ್ನೂ ಬಡವರಾದ, ಬಹುಪಾಲು ದಲಿತರಾದ ಪೌರಕಾರ್ಮಿಕರ ಬೆರಳಿಗೆ ವರ್ಗವಾಗುತ್ತದೆ ಅಷ್ಟೆ. ಭಾರ ಹೊರಬೇಕಾದದ್ದು ಇಬ್ಬರಲ್ಲಿ ಯಾರೂ ಅಲ್ಲ, ವ್ಯಾಪಾರ ಪರವಾನಗಿಯ ಶುಲ್ಕವನ್ನು ವರ್ಷ ವರ್ಷ ವಸೂಲು ಮಾಡುವ ಪಾಲಿಕೆ. ಪರವಾನಗಿ ನವೀಕರಿಸುವಾಗ ಚುಚ್ಚಲಾರದ, ತೆರೆಯಲಾರದ ಒಂದು ಡಬ್ಬಿಯನ್ನು ಕೊಡುವುದು, ಮುಕ್ಕಾಲು ತುಂಬಿದಾಗ ಅದನ್ನು ಪಡೆದು ಖಾಲಿ ಡಬ್ಬಿ ಕೊಡುವುದು, ಕೂಡಿದ್ದನ್ನು ವೈದ್ಯಕೀಯ ತ್ಯಾಜ್ಯದ ಘಟಕಕ್ಕೆ ಮುಟ್ಟಿಸುವುದು. ವಾಹನ ದಿನವೂ ಬರುವುದಿಲ್ಲ ಎಂಬ ದೂರೂ ಇಲ್ಲಿ ಅಡ್ಡಿಯಾಗದು: ವೈದ್ಯಕೀಯ ತ್ಯಾಜ್ಯದ ನಿಯಮ ಇಟ್ಟಿರುವ 48 ಗಂಟೆಯ ಗಡುವು ಅಂಗಾಂಶ ಮತ್ತು ರಕ್ತ ನೆನೆದ ಹತ್ತಿಯಂಥ ಕೊಳೆಯುವ ಕಸಕ್ಕೆ, ಮುಚ್ಚಿದ ಡಬ್ಬಿಯ ಬ್ಲೇಡಿಗಲ್ಲ. ಒಂದು ಅಂಗಡಿಯ ಬ್ಲೇಡುಗಳು ಒಂದು ಡಬ್ಬಿಯಲ್ಲಿ ವಾರಗಟ್ಟಲೆ ಕೂರಬಹುದು. ಇದಕ್ಕೆ ದೆಹಲಿಯ ತಿದ್ದುಪಡಿಗೆ ಕಾಯಬೇಕಿಲ್ಲ; ಪರವಾನಗಿಯ ಷರತ್ತನ್ನು ಬರೆಯುವ ಕಚೇರಿ ಪ್ರತಿ ಊರಿನಲ್ಲೂ ಇದೆ.